ನಿಜಾಮನ ನಾಡಿನ ಮಕ್ಕಳು, ಇಟಲಿಯ ಏಕೀಕರಣ: ಒಂದು ಸರಿ-ತಪ್ಪು ಪರೀಕ್ಷೆಯ ಪ್ರಕರಣ

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಒಂಬತ್ತನೇ ತರಗತಿಗೆ ಇಟಲಿ ಮತ್ತು ಜರ್ಮನಿ ಏಕೀಕರಣದ ಪಾಠ ಆಗಷ್ಟೇ ಮುಗಿದಿತ್ತು. ಸಮಾಜ ವಿಜ್ಞಾನದ ಮೇಡಂ ಹತ್ತು ಅಂಕದ ಕಿರು ಪರೀಕ್ಷೆ ಕೊಟ್ಟರು. ಹತ್ತೂ ಸರಿ-ತಪ್ಪು ಹೇಳಿಕೆಗಳು. ಅದರಲ್ಲಿ ಮೂರನ್ನು ನೋಡಿ:

"ಇಟಲಿ ರಾಜ್ಯ 1863ರಲ್ಲಿ ಘೋಷಣೆಯಾಯಿತು."
"ಗ್ಯಾರಿಬಾಲ್ಡಿ ಪ್ರಷ್ಯಾದ ಪ್ರಧಾನಿಯಾಗಿದ್ದ."
"ಜರ್ಮನ್ ಸಾಮ್ರಾಜ್ಯದ ಘೋಷಣೆ ವರ್ಸೈಲ್ಸ್ ಅರಮನೆಯಲ್ಲಿ ನಡೆಯಿತು."

ಮೊದಲ ಎರಡು ತಪ್ಪು, ಮೂರನೆಯದು ಸರಿ. ಉಳಿದ ಏಳೂ ಇದೇ ಜಾತಿಯವು. ಪುಸ್ತಕದ ಒಂದು ವಾಕ್ಯ ತಗೊಂಡು, ಇಸವಿಯನ್ನೋ ಹೆಸರನ್ನೋ ಬದಲಿಸಿದರೆ ತಪ್ಪು ಹೇಳಿಕೆ. ಹಾಗೇ ಬಿಟ್ಟರೆ ಸರಿ ಹೇಳಿಕೆ. ಬಹಳ ಮಕ್ಕಳಿಗೆ ಏಳು, ಎಂಟು ಅಂಕ ಬಂತು. ಮೇಡಂಗೂ ಸಮಾಧಾನ ಆಯಿತು.

ಅದೇ ವಾರ ಅವರು ನೋಟ್‌ಬುಕ್ ತಿದ್ದುತ್ತಾ ಕೂತಿದ್ದರು. "ಇಟಲಿ ಹೇಗೆ ಒಂದಾಯಿತು?" ಎಂಬ ಪ್ರಶ್ನೆಗೆ, ಕಿರು ಪರೀಕ್ಷೆಯಲ್ಲಿ ಎಂಟು ಅಂಕ ತೆಗೆದಿದ್ದ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: "ಇಟಲಿಯ ಜನ ಎಲ್ಲರೂ ಇಟಾಲಿಯನ್ ಭಾಷೆ ಮಾತನಾಡುತ್ತಿದ್ದರು. ಆದರೆ ಬೇರೆ ಬೇರೆ ರಾಜರ ಕೈಯಲ್ಲಿ ಹಂಚಿಹೋಗಿದ್ದರು. ಜನ ಹೋರಾಟ ಮಾಡಿ ರಾಜರನ್ನು ಓಡಿಸಿ 1861ರಲ್ಲಿ ಒಂದಾದರು." ಬರವಣಿಗೆ ಚೆನ್ನಾಗಿದೆ, ಇಸವಿಯೂ ಸರಿ. ಆದರೆ ಭಾಷೆಯ ಮಾತು ತಪ್ಪು. ರಾಜರನ್ನು ಓಡಿಸಿದರು ಅನ್ನೋದು ಅರ್ಧ ಸತ್ಯ, ಯಾಕೆಂದರೆ ಉಳಿದ ರಾಜರು ಹೋದರು, ಒಬ್ಬ ರಾಜ ದೊಡ್ಡವನಾದ. 1861ಕ್ಕೆ ಎಲ್ಲಾ ಮುಗಿದುಹೋಯಿತು ಅನ್ನೋದೂ ತಪ್ಪು. ಅವಳು ತೆಗೆದ ಎಂಟು ಅಂಕ ಇದರಲ್ಲಿ ಒಂದನ್ನೂ ಹಿಡಿದಿರಲಿಲ್ಲ.

ನಾನು ಪಕ್ಕದ ಶಾಲೆಯಲ್ಲಿ ಇದೇ ವಿಷಯ ಕಲಿಸುತ್ತೇನೆ. ಮೇಡಂ ಆ ನೋಟ್‌ಬುಕ್ ಹಿಡಿದುಕೊಂಡೇ ಬಂದರು. "ನೋಡ್ರಿ ಸರ, ಇಕಿಗೆ ಎಂಟು ಕೊಟ್ಟೀನಿ" ಅಂದರು. ಆಮೇಲೆ ಇಬ್ಬರೂ ಕೂತು ಹೇಳಿಕೆಗಳನ್ನು ಹೊಸದಾಗಿ ಬರೆದೆವು.

ಮೊದಲು ಊಹೆಯ ಲೆಕ್ಕ ಹೇಳಿಬಿಡುತ್ತೇನೆ, ಬೇಗ ಮುಗಿಯುತ್ತದೆ. ಸರಿ-ತಪ್ಪು ಹೇಳಿಕೆಗೆ ಕಣ್ಣು ಮುಚ್ಚಿ ಉತ್ತರ ಹಾಕಿದರೂ ಅರ್ಧ ಸಲ ಸರಿಯಾಗುತ್ತದೆ. ಪಾಠವನ್ನೇ ಕೇಳದ ಮಗು ಹತ್ತಕ್ಕೆ ಹತ್ತೂ ಊಹಿಸಿದರೆ ಏಳು ಅಥವಾ ಅದಕ್ಕಿಂತ ಜಾಸ್ತಿ ಬರುವ ಸಾಧ್ಯತೆ ಶೇ. 17ರಷ್ಟು. ನಲವತ್ತು ಮಕ್ಕಳ ತರಗತಿಯಲ್ಲಿ ಎಲ್ಲರೂ ಊಹಿಸಿದರೂ ಆರೇಳು ಜನ "ಪಾಸು" ಆಗಿಬಿಡುತ್ತಾರೆ. ಇದಕ್ಕೆ ನೆಗೆಟಿವ್ ಅಂಕ ಹಾಕುವವರಿದ್ದಾರೆ. ನನಗದು ಇಷ್ಟವಿಲ್ಲ. ಅಂಜುವ ಮಗು ಗೊತ್ತಿದ್ದರೂ ಖಾಲಿ ಬಿಡುತ್ತದೆ, ಧೈರ್ಯದ ಮಗು ಗೊತ್ತಿಲ್ಲದಿದ್ದರೂ ಬರೆಯುತ್ತದೆ. ನಾವು ಬೇರೆ ದಾರಿ ಹಿಡಿದೆವು, ಅದನ್ನು ಮುಂದೆ ಹೇಳುತ್ತೇನೆ.

ಊಹೆಗಿಂತ ದೊಡ್ಡ ತೊಂದರೆ ತಪ್ಪು ಹೇಳಿಕೆಗಳಲ್ಲಿತ್ತು. "1863" ಎಂದು ಯಾವ ಮಗುವೂ ತಾನಾಗಿ ನಂಬಿಕೊಂಡಿರುವುದಿಲ್ಲ. ಅದು ಮೇಡಂ ಹುಟ್ಟಿಸಿದ ತಪ್ಪು. ಅದಕ್ಕೆ "ಸರಿ" ಹಾಕಿದ ಮಗುವಿಗೆ 1861 ಎನ್ನುವುದು ಮರೆತಿದೆ, ಅಷ್ಟೇ. ಅದಕ್ಕೆ ಮೇಡಂ ಮಾಡಬೇಕಾದದ್ದು "ಇನ್ನೊಂದು ಸಲ ಓದು" ಎಂದು ಹೇಳುವುದು ಮಾತ್ರ. ಹಾಗಾಗಿ ಪ್ರತಿ ಹೇಳಿಕೆಗೂ ಒಂದೇ ಪ್ರಶ್ನೆ ಹಾಕಿಕೊಂಡೆವು: ಮಗು ಇದನ್ನು ತಪ್ಪು ಮಾಡಿದರೆ ನಾಳೆ ತರಗತಿಯಲ್ಲಿ ನಾನೇನು ಮಾಡುತ್ತೇನೆ? "ಬಾಯಿಪಾಠ ಮಾಡು" ಅನ್ನುವುದೇ ಉತ್ತರವಾದರೆ ಆ ಹೇಳಿಕೆ ಹೊರಗೆ. "ಈ ವಿಚಾರವನ್ನು ಬೇರೆ ರೀತಿ ಕಲಿಸಬೇಕು" ಎಂದಾದರೆ ಒಳಗೆ. ಹತ್ತರಲ್ಲಿ ಒಂಬತ್ತು ಹೊರಗೆ ಹೋದವು.

ಹೊಸ ಹೇಳಿಕೆಗಳಿಗೆ ಪಠ್ಯಪುಸ್ತಕ ತೆರೆಯಲಿಲ್ಲ. ಮಕ್ಕಳ ನೋಟ್‌ಬುಕ್‌ಗಳನ್ನು ಹರಡಿಕೊಂಡೆವು. ಎರಡನೇ ಸಲ, ಮೂರನೇ ಸಲ ಕಂಡ ತಪ್ಪು ವಾಕ್ಯಗಳನ್ನು ಮಕ್ಕಳ ಮಾತಿನಲ್ಲೇ ಒಂದು ಹಾಳೆಗೆ ಇಳಿಸಿದೆವು. ಹಾಳೆ ತುಂಬಿದ ಮೇಲೆ ಒಂದು ವಿಷಯ ಎದ್ದು ಕಂಡಿತು. ಈ ಮಕ್ಕಳು ಇಟಲಿಯ ಕಥೆ ಬರೆಯುತ್ತಾ ನಮ್ಮ ಕಥೆ ಬರೆದಿದ್ದರು.

ಈ ಭಾಗದ ಮಕ್ಕಳಿಗೆ ಸೆಪ್ಟೆಂಬರ್ 17 ಚೆನ್ನಾಗಿ ಗೊತ್ತು. ಕೊಪ್ಪಳ, ರಾಯಚೂರು ಕಡೆಯವರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದರು, 1948ರಲ್ಲಿ ಬಿಡುಗಡೆಯಾಯಿತು ಎಂದು ಪ್ರತಿ ವರ್ಷ ಧ್ವಜ ಹಾರಿಸುವಾಗ ಕೇಳುತ್ತಾರೆ. ಬಳ್ಳಾರಿ ಮದ್ರಾಸಿಗೆ ಸೇರಿತ್ತು, 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. 1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಮಾತಾಡುವ ಜಿಲ್ಲೆಗಳು ಒಂದಾದವು. "ಏಕೀಕರಣ" ಎಂಬ ಮಾತನ್ನು ಅವರು ಮೊದಲು ಕೇಳಿದ್ದೇ ಇಲ್ಲಿ. ಹೀಗಾಗಿ ಇಟಲಿ ಪಾಠದಲ್ಲಿ ಅದೇ ಮಾತು ಬಂದಾಗ ನಮ್ಮ ನಕ್ಷೆಯನ್ನೇ ಅಲ್ಲಿ ಹಾಸಿಬಿಡುತ್ತಾರೆ. ಒಂದೇ ಭಾಷೆಯ ಜನ ಮೊದಲೇ ಇದ್ದರು, ಅರಸರು ಒಡೆದಿದ್ದರು, ಅರಸರು ಹೋದರು, ಜನ ಕೂಡಿದರು. ನಮಗೆ ಹೆಚ್ಚುಕಮ್ಮಿ ಹೊಂದುವ ಕಥೆ ಇದು. ಇಟಲಿಗೆ ಹೊಂದುವುದಿಲ್ಲ.

ಇಟಲಿಯಲ್ಲಿ ಆದದ್ದು ಬಹುಮಟ್ಟಿಗೆ ತಿರುಗಾಮುರುಗಾ. ಅಲ್ಲಿ ಮೊದಲು ರಾಜ್ಯ ಬಂತು, ಒಂದೇ ಭಾಷೆಯ ಜನ ಆಮೇಲೆ ಆದರು. 1861ರಲ್ಲಿ ಪುಸ್ತಕದ ಇಟಾಲಿಯನ್ ಬಲ್ಲವರು ಬಹಳ ಕಡಿಮೆ. ಬಹುಪಾಲು ಜನಕ್ಕೆ ಓದು ಬರುತ್ತಿರಲಿಲ್ಲ, ತಮ್ಮ ತಮ್ಮ ಸೀಮೆಯ ಮಾತು ಆಡುತ್ತಿದ್ದರು. ಏಕೀಕರಣದ ಸೂತ್ರ ಹಿಡಿದಿದ್ದ ಕಾವೂರನಿಗೇ ಇಟಾಲಿಯನ್‌ಗಿಂತ ಫ್ರೆಂಚ್ ಸಲೀಸು. ರಾಜನೂ ಹೋಗಲಿಲ್ಲ. ಪೀಡ್‌ಮಾಂಟ್-ಸಾರ್ಡೀನಿಯಾದ ಅರಸ ಎರಡನೇ ವಿಕ್ಟರ್ ಇಮ್ಯಾನುಯೆಲ್ ಇಡೀ ಇಟಲಿಗೆ ರಾಜನಾದ. ಅಲ್ಲಿ ರಾಜಪ್ರಭುತ್ವ 1946ರವರೆಗೂ ಇತ್ತು. (ನಮ್ಮ ಕಥೆಯೂ ಮಕ್ಕಳು ತಿಳಿದಷ್ಟು ನೇರವಿಲ್ಲ. 1950ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖ, ಅಂದರೆ ರಾಜ್ಯಪಾಲನಂಥ ಹುದ್ದೆಯಲ್ಲಿ ಇದ್ದವನು ಅದೇ ನಿಜಾಮ. ಅದನ್ನು ಹೇಳಿದರೆ ಮಕ್ಕಳು ಬಾಯಿ ತೆರೆದು ನೋಡುತ್ತಾರೆ.)

ಹಾಳೆಯಲ್ಲಿ ಸಿಕ್ಕ ತಪ್ಪುಗಳಲ್ಲಿ ಮೂರನ್ನು ಆರಿಸಿಕೊಂಡೆವು. ಒಂದು, ರಾಷ್ಟ್ರ ಅಂದರೆ ಮೊದಲೇ ಇದ್ದ ಒಂದು ಭಾಷೆಯ ಜನ. ಎರಡು, ಏಕೀಕರಣ ಅಂದರೆ ರಾಜರ ಆಳ್ವಿಕೆ ಮುಗಿಯುವುದು. ಮೂರು, ಏಕೀಕರಣ ಒಂದೇ ದಿನ ಆಗಿಹೋಗುವ ಘಟನೆ. ಹತ್ತು ತಪ್ಪಿಗೆ ಹತ್ತು ಹೇಳಿಕೆ ಬರೆಯಬಹುದಿತ್ತು. ಆದರೆ ಒಂದು ತಪ್ಪಿಗೆ ಒಂದೇ ಹೇಳಿಕೆ ಇದ್ದರೆ ಊಹೆ ಯಾವುದು, ನಂಬಿಕೆ ಯಾವುದು ಗೊತ್ತಾಗುವುದಿಲ್ಲ. ಅದಕ್ಕೆ ಜೋಡಿ ಹೇಳಿಕೆ ಮಾಡಿದೆವು. ಒಂದೇ ತಪ್ಪು ಕಲ್ಪನೆಯನ್ನು ಎರಡು ಕಡೆಯಿಂದ ಕೇಳುವುದು, ಒಂದರ ಉತ್ತರ "ಸರಿ", ಇನ್ನೊಂದರದು "ತಪ್ಪು". ಭಾಷೆಯ ವಿಚಾರಕ್ಕೆ ಜರ್ಮನಿಯಿಂದ ತಗೊಂಡ ಜೋಡಿ ಇದು:

"1871ರ ಜರ್ಮನ್ ಸಾಮ್ರಾಜ್ಯದಲ್ಲಿ ಆಸ್ಟ್ರಿಯಾದ ಜರ್ಮನ್ ಮಾತಿನ ಜನರೂ ಸೇರಿದ್ದರು." (ತಪ್ಪು)
"1871ರ ಜರ್ಮನ್ ಸಾಮ್ರಾಜ್ಯದಲ್ಲಿ ಪೋಲಿಷ್ ಮಾತಾಡುವ ಜನರೂ ಇದ್ದರು." (ಸರಿ)

ಭಾಷೆ ಇದ್ದಲ್ಲಿ ದೇಶ ಎಂದು ನಂಬಿದ ಮಗು ಎರಡನ್ನೂ ತಪ್ಪು ಮಾಡುತ್ತದೆ. ಆಸ್ಟ್ರಿಯಾದವರು ಒಳಗಿರಲೇಬೇಕು, ಪೋಲಿಷರು ಹೊರಗಿರಲೇಬೇಕು ಎಂದು ಅದರ ಲೆಕ್ಕ. ನಿಜವಾಗಿ ಆದದ್ದೇ ಬೇರೆ. ಜರ್ಮನಿಯ ಏಕೀಕರಣದ ಮುಂದಾಳಾಗಿದ್ದ ಜರ್ಮನ್ ರಾಜ್ಯ ಪ್ರಷ್ಯಾ 1866ರಲ್ಲಿ ಆಸ್ಟ್ರಿಯಾವನ್ನು ಸೋಲಿಸಿ ಜರ್ಮನ್ ವ್ಯವಹಾರದಿಂದ ಹೊರಗಿಟ್ಟಿತು. ಪ್ರಷ್ಯಾದ ಪೂರ್ವ ಭಾಗದಲ್ಲಿದ್ದ ಪೋಲಿಷ್ ಜನ ಪ್ರಷ್ಯಾದ ಜೊತೆಗೇ ಹೊಸ ಸಾಮ್ರಾಜ್ಯದೊಳಗೆ ಬಂದರು. ಗಡಿ ಎಳೆದದ್ದು ಪ್ರಷ್ಯಾದ ಸೈನ್ಯದ ಗೆಲುವು, ಮನೆಮಾತು ಅಲ್ಲ. ಇನ್ನೊಂದು ಲಾಭವೂ ಇದೆ. ಎಲ್ಲಕ್ಕೂ ಸುಮ್ನೆ "ಸರಿ" ಹಾಕಿಕೊಂಡು ಹೋಗುವ ಮಗುವಿಗೆ ಜೋಡಿಯಲ್ಲಿ ಒಂದು ಮಾತ್ರ ಸಿಗುತ್ತದೆ. ಹಾಗಾಗಿ ಜೋಡಿಯ ಎರಡೂ ಸರಿಯಾದರೆ ಮಾತ್ರ ಒಂದು ಅಂಕ ಎಂದು ಇಟ್ಟೆವು. ಊಹೆಯಿಂದ ಜೋಡಿ ಗೆಲ್ಲುವ ಸಾಧ್ಯತೆ ಅರ್ಧದಿಂದ ಕಾಲಿಗೆ ಇಳಿಯಿತು.

ಬರೆಯುವಾಗ ಹೆಚ್ಚು ಹೊತ್ತು ತಿಂದದ್ದು "ಯಾಕೆಂದರೆ" ಇರುವ ಹೇಳಿಕೆ. ಮೇಡಂ ಬರೆದ ಕರಡು ಹೀಗಿತ್ತು: "1866ರಲ್ಲಿ ಪ್ರಷ್ಯಾ ಆಸ್ಟ್ರಿಯಾದ ಮೇಲೆ ಯುದ್ಧ ಮಾಡಿತು, ಯಾಕೆಂದರೆ ಆಸ್ಟ್ರಿಯಾದವರ ಭಾಷೆ ಬೇರೆಯಾಗಿತ್ತು." ಒಳ್ಳೆಯ ಹೇಳಿಕೆಯೇ. ಆದರೆ "ತಪ್ಪು" ಎಂದು ಹಾಕಿದ ಮಗು ಯಾವುದನ್ನು ತಪ್ಪು ಅಂದಿದೆ? ಯುದ್ಧವನ್ನೋ, ಇಸವಿಯನ್ನೋ, ಕಾರಣವನ್ನೋ? ಕಾರಣ ಸರಿ ಎಂದು ನಂಬಿ, ಇಸವಿ ಮಾತ್ರ ತಪ್ಪೆಂದುಕೊಂಡ ಮಗುವಿಗೂ ಅಂಕ ಸಿಗುತ್ತದೆ. ಅದಕ್ಕೆ ಎರಡು ಮಾತನ್ನು ಬೇರ್ಪಡಿಸಿದೆವು. ಮೊದಲು ಖಚಿತ ಸಂಗತಿ: "1866ರಲ್ಲಿ ಪ್ರಷ್ಯಾ ಆಸ್ಟ್ರಿಯಾದ ಮೇಲೆ ಯುದ್ಧ ಮಾಡಿತು. ಇದು ನಡೆದ ಘಟನೆ." ಆಮೇಲೆ ಹೊಸ ಸಾಲಿನಲ್ಲಿ ಗೆರೆ ಎಳೆದು: "ಎರಡೂ ದೇಶಗಳ ಅರಸರ ಮನೆಮಾತು ಬೇರೆ ಬೇರೆಯಾಗಿದ್ದದ್ದೇ ಇದಕ್ಕೆ ಕಾರಣ." ಗೆರೆ ಎಳೆದ ಸಾಲಿಗೆ ಮಾತ್ರ ಉತ್ತರ ಬರೆಯಬೇಕು ಎಂದು ಮೇಲೆ ಸೂಚನೆ. ಎರಡೂ ಅರಮನೆಯ ಮಾತು ಜರ್ಮನ್ನೇ, ಜಗಳ ಇದ್ದದ್ದು ಯಜಮಾನಿಕೆಗೆ. ಹೀಗಾಗಿ ಉತ್ತರ "ತಪ್ಪು", ಅದರಲ್ಲಿ ಗೊಂದಲವೂ ಇಲ್ಲ.

ಸಣ್ಣ ಸುಳಿವುಗಳನ್ನೂ ತೆಗೆದೆವು. "ಎಲ್ಲರೂ", "ಯಾವಾಗಲೂ", "ಒಬ್ಬನೂ ಇಲ್ಲ" ಎಂದಿದ್ದರೆ ಚುರುಕು ಮಕ್ಕಳು ಪಾಠ ನೋಡದೆಯೇ "ತಪ್ಪು" ಹಾಕುತ್ತಾರೆ. "ರಾಜನನ್ನು ತೆಗೆಯಲಿಲ್ಲ ಎಂಬುದು ಸರಿಯಲ್ಲ" ಎನ್ನುವಂಥ ಎರಡು ನಿಷೇಧದ ವಾಕ್ಯ ಇತಿಹಾಸ ಪರೀಕ್ಷಿಸುವುದಿಲ್ಲ, ಕನ್ನಡ ವ್ಯಾಕರಣ ಪರೀಕ್ಷಿಸುತ್ತದೆ. ಮೇಡಂ ಬರೆದ ಸರಿ ಹೇಳಿಕೆಗಳು ಉದ್ದ, ತಪ್ಪು ಹೇಳಿಕೆಗಳು ಗಿಡ್ಡ ಆಗಿದ್ದವು. ಇದು ಎಲ್ಲರಿಗೂ ಆಗುತ್ತದೆ, ಸತ್ಯ ಹೇಳುವಾಗ ಷರತ್ತು ಜಾಸ್ತಿ ಸೇರಿಸುತ್ತೇವಲ್ವಾ? ಅವನ್ನೂ ಸಮ ಮಾಡಿದೆವು.

ಊಹೆಗೆ ಇನ್ನೊಂದು ಅಂಕುಶ ಉತ್ತರದ ಪಕ್ಕದ ಕಾಲಂ. ಪ್ರತಿ ಉತ್ತರದ ಮುಂದೆ "ಗ್ಯಾರಂಟಿ" ಅಥವಾ "ಅಂದಾಜು" ಎಂದು ಬರೆಯಬೇಕು. ಇದಕ್ಕೆ ಅಂಕ ಇಲ್ಲ ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಮಕ್ಕಳು ಎಲ್ಲದಕ್ಕೂ ಗ್ಯಾರಂಟಿ ಬರೆಯುತ್ತಾರೆ. ತಪ್ಪು ಉತ್ತರ, ಪಕ್ಕದಲ್ಲಿ "ಅಂದಾಜು" ಇದ್ದರೆ ಮಗುವಿಗೆ ಗೊತ್ತಿಲ್ಲ. ತಪ್ಪು ಉತ್ತರ, ಪಕ್ಕದಲ್ಲಿ "ಗ್ಯಾರಂಟಿ" ಇದ್ದರೆ ಮಗು ಬೇರೇನನ್ನೋ ನಂಬಿದೆ. ಮೊದಲನೆಯದಕ್ಕೆ ಓದಿಸಿದರೆ ಸಾಕು. ಎರಡನೆಯದು ಓದಿಸಿದರೆ ಹೋಗುವುದಿಲ್ಲ.

'ಎ' ವಿಭಾಗದ 40 ಮಕ್ಕಳಿಗೆ ಪರೀಕ್ಷೆ ಕೊಟ್ಟೆವು.

ಒಂದೇ ದಿನದ ಘಟನೆ ಎಂಬ ತಪ್ಪಿಗೆ ಇಟ್ಟ ಹೇಳಿಕೆ: "1861ರಲ್ಲಿ ಇಟಲಿ ರಾಜ್ಯ ಘೋಷಣೆಯಾದಾಗ ರೋಮ್ ಅದರೊಳಗೆ ಇತ್ತು." ಉತ್ತರ ತಪ್ಪು. ವೆನಿಸ್ ಕಡೆಯ ಸೀಮೆ 1866ರಲ್ಲಿ, ರೋಮ್ 1870ರಲ್ಲಿ ಸೇರಿದವು. ಇದು ಕಷ್ಟ ಆಗುತ್ತದೆ ಅಂದುಕೊಂಡಿದ್ದೆವು. ಮುಕ್ಕಾಲು ತರಗತಿ ಸರಿ ಮಾಡಿತು. ಕಾರಣ ಕೇಳಿದಾಗ ಒಬ್ಬ ಹುಡುಗ, "ನಮಗೂ ಆಗಸ್ಟ್ 15ಕ್ಕ ಎಲ್ಲಾ ಮುಗೀಲಿಲ್ಲಲ್ರಿ ಟೀಚರ್, ಒಂದು ವರ್ಷ ಆದ ಮ್ಯಾಲೆ ಆತು" ಅಂದ. ಪಠ್ಯಪುಸ್ತಕ ಅವನಿಗೆ ಹೇಳದ್ದನ್ನು ಸೆಪ್ಟೆಂಬರ್ 17 ಹೇಳಿಕೊಟ್ಟಿತ್ತು. ಆ ತಪ್ಪು ಕಲ್ಪನೆ ನೋಟ್‌ಬುಕ್ ವಾಕ್ಯಗಳಲ್ಲಿ ಕಂಡರೂ ಮಕ್ಕಳ ತಲೆಯಲ್ಲಿ ಗಟ್ಟಿ ಇರಲಿಲ್ಲ.

ರಾಜನ ವಿಚಾರದಲ್ಲಿ ಅದೇ ಸೆಪ್ಟೆಂಬರ್ 17 ಉಲ್ಟಾ ಹೊಡೆಯಿತು. "ಏಕೀಕರಣವಾದ ಮೇಲೂ ಇಟಲಿಯನ್ನು ರಾಜನೇ ಆಳಿದ" ಎಂಬ ಸರಿ ಹೇಳಿಕೆಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳು "ತಪ್ಪು" ಹಾಕಿದರು. ಪಕ್ಕದಲ್ಲಿ ಹೆಚ್ಚಿನವರದು "ಗ್ಯಾರಂಟಿ". ವಿಕ್ಟರ್ ಇಮ್ಯಾನುಯೆಲ್ ಹೆಸರು ಇವರಿಗೆ ಬಾಯಿಪಾಠ ಬರುತ್ತಿತ್ತು. ಹಳೆಯ ಪರೀಕ್ಷೆಯಲ್ಲಿ ಆತ ಇಟಲಿಯ ರಾಜ ಎಂಬ ಹೇಳಿಕೆಗೆ ಇದೇ ಮಕ್ಕಳು "ಸರಿ" ಹಾಕಿದ್ದರು! ಹೆಸರು ಗೊತ್ತು, ಆದರೆ ರಾಷ್ಟ್ರೀಯತೆ ಬಂದರೆ ರಾಜ ಹೋಗಬೇಕು ಎಂಬ ನಂಬಿಕೆ ಹಾಗೇ ಕೂತಿತ್ತು. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇದ್ದವು.

ತಲೆ ತಿಂದದ್ದು ಭಾಷೆಯ ಹೇಳಿಕೆ. "1861ರಲ್ಲಿ ಇಟಲಿಯ ಬಹುಪಾಲು ಜನ ಮನೆಯಲ್ಲಿ ಇಟಾಲಿಯನ್ ಮಾತಾಡುತ್ತಿದ್ದರು." ನಮ್ಮ ಪ್ರಕಾರ ತಪ್ಪು. 40ರಲ್ಲಿ 27 ಮಕ್ಕಳು "ಸರಿ" ಹಾಕಿದರು. ಇದಕ್ಕೆ ನಾವು ತಯಾರಿದ್ದೆವು. ಆದರೆ ಇಡೀ ಪರೀಕ್ಷೆಯಲ್ಲಿ ಮೇಲೆ ಬಂದ ಹತ್ತು ಜನರನ್ನೂ ಕೆಳಗಿನ ಹತ್ತು ಜನರನ್ನೂ ಬೇರೆ ಮಾಡಿ ನೋಡಿದರೆ, ಈ ಒಂದು ಹೇಳಿಕೆಯಲ್ಲಿ ಮೇಲಿನವರಲ್ಲಿ ಮೂವರು, ಕೆಳಗಿನವರಲ್ಲಿ ಐವರು ಸರಿ ಮಾಡಿದ್ದರು. ಕೆಳಗಿನ ಐದು ಬರೀ ಊಹೆಯ ಲೆಕ್ಕ, ಹತ್ತರಲ್ಲಿ ಅರ್ಧ. ಮೇಲಿನವರು ಊಹೆಗಿಂತಲೂ ಕೆಳಗೆ. ಓದಿದ ಮಕ್ಕಳೇ ಹೆಚ್ಚು ಎಡವಿದರೆ ಎರಡು ಸಾಧ್ಯತೆ ಇದೆ. ಒಂದೋ ಪಾಠ, ಪುಸ್ತಕವೇ ಅವರಿಗೆ ತಪ್ಪು ಕಲಿಸಿದೆ, ಇಲ್ಲಾ ಹೇಳಿಕೆಯಲ್ಲೇ ಬಿರುಕಿದೆ. ಯಾವುದು ಅಂತ ಅಂಕ ನೋಡಿದರೆ ತಿಳಿಯದು, ಮಕ್ಕಳನ್ನೇ ಕೇಳಬೇಕು.

ಮೇಡಂ ನಾಲ್ಕು ಜನರನ್ನು ಕರೆದು ಕೇಳಿದರು. ಇಬ್ಬರು, ಪುಸ್ತಕದಲ್ಲಿ "ಇಟಾಲಿಯನ್ನರು" ಎಂದೇ ಬರೆದಿದೆ, ಅಂದಮೇಲೆ ಇಟಾಲಿಯನ್ ಮಾತಾಡುತ್ತಿದ್ದರು ಎಂದರು. ಅದು ನಾವು ಹುಡುಕುತ್ತಿದ್ದ ತಪ್ಪೇ. ಇನ್ನೊಬ್ಬಳು ಬೇರೆಯೇ ಹೇಳಿದಳು. "ಬ್ಯಾರೆ ಬ್ಯಾರೆ ಥರ ಮಾತಾಡ್ತಿದ್ರು ಅಂತ ಗೊತ್ತೈತ್ರಿ ಟೀಚರ್. ಆದ್ರ ನಾವು ಮಾತಾಡೋದು ಬ್ಯಾರೆ, ಮೈಸೂರು ಕಡೆಯವ್ರು ಮಾತಾಡೋದು ಬ್ಯಾರೆ. ಎರಡೂ ಕನ್ನಡಾನ ಅಲ್ಲೇನ್ರಿ? ಹಂಗ ಅದೂ ಇಟಾಲಿಯನ್ನೇ ಅಂತ ಬರದೆ." ಅವಳ ವಾದದಲ್ಲಿ ಹುರುಳಿತ್ತು. ಸಿಸಿಲಿಯ ಮಾತು ಇಟಾಲಿಯನ್‌ನ ಉಪಭಾಷೆಯೋ, ಬೇರೆ ಭಾಷೆಯೋ ಎಂಬುದು ಭಾಷೆ ಬಲ್ಲವರಲ್ಲೇ ಒಪ್ಪಿಗೆಯಾಗದ ಮಾತು. ಅಂಥ ಪ್ರಶ್ನೆಯ ಮೇಲೆ ನಿಂತ ಹೇಳಿಕೆಗೆ "ತಪ್ಪು" ಎಂದು ಗಂಟು ಹಾಕಿದರೆ, ಯೋಚಿಸಿದ ಮಗುವಿಗೇ ಪೆಟ್ಟು.

ಹೇಳಿಕೆಯನ್ನು ಹೆಸರಿನಿಂದ ಕಿತ್ತು, ನಡೆಯುವ ಸಂಗತಿಯ ಮೇಲೆ ಕೂರಿಸಿದೆವು: "1861ರಲ್ಲಿ ಸಿಸಿಲಿಯ ರೈತನೂ ಪೀಡ್‌ಮಾಂಟ್‌ನ ರೈತನೂ ಮನೆಮಾತಿನಲ್ಲೇ ಒಬ್ಬರ ಮಾತು ಒಬ್ಬರಿಗೆ ಸಲೀಸಾಗಿ ತಿಳಿಯುವಂತೆ ಮಾತಾಡಬಲ್ಲವರಾಗಿದ್ದರು." ಈಗ ಉಪಭಾಷೆ ಎನ್ನಿ, ಭಾಷೆ ಎನ್ನಿ, ಉತ್ತರ ಬದಲಾಗುವುದಿಲ್ಲ. ದಕ್ಷಿಣದ ದ್ವೀಪದ ಮಾತಿಗೂ ಆಲ್ಪ್ಸ್ ಬುಡದ ಮಾತಿಗೂ ಅಷ್ಟು ದೂರ. ಪಠ್ಯದಲ್ಲಿ ಈ ಇಬ್ಬರು ರೈತರು ಇಲ್ಲ, ಹಾಗಾಗಿ ಬಾಯಿಪಾಠದಿಂದ ಉತ್ತರ ಬರುವುದಿಲ್ಲ. ಆದರೆ ಪಾಠ ಅರ್ಥವಾಗಿದ್ದರೆ ಉತ್ತರ ಸಿಗುತ್ತದೆ. 'ಬಿ' ವಿಭಾಗಕ್ಕೆ ಇದನ್ನು ಕೊಟ್ಟಾಗ ಮೇಲಿನ ಹತ್ತರಲ್ಲಿ ಎಂಟು, ಕೆಳಗಿನ ಹತ್ತರಲ್ಲಿ ನಾಲ್ಕು ಸರಿಯಾಯಿತು. ಬೇರೆ ವಿಭಾಗ, ಬೇರೆ ಮಕ್ಕಳು, ಹಾಗಾಗಿ ಇಷ್ಟರಿಂದಲೇ ದೊಡ್ಡ ಮಾತು ಹೇಳಲಾಗದು. ಆದರೂ ಹೇಳಿಕೆ ಈಗ ಸರಿಯಾದ ಕಡೆಗೆ ವಾಲಿದೆ ಎನ್ನಲು ಇಷ್ಟು ಸಾಕು.

ಪರೀಕ್ಷೆ ಮುಗಿದ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಬಿಟ್ಟರೆ ಇಷ್ಟೆಲ್ಲ ಮಾಡಿದ್ದೂ ತಿರುಗಿ ಬೀಳುತ್ತದೆ. ನಂಬುವಂತೆ ಬರೆದ ತಪ್ಪು ಹೇಳಿಕೆ ಮಗುವಿನ ನೆನಪಿನಲ್ಲಿ ಉಳಿಯುತ್ತದೆ. ಎರಡು ವಾರ ಕಳೆದರೆ "ಎಲ್ಲೋ ಓದಿದ್ದೆ" ಎಂಬ ನೆನಪಿರುತ್ತದೆ, "ತಪ್ಪು" ಎಂಬುದು ಮರೆತಿರುತ್ತದೆ. "1863" ಉಳಿದರೆ ಅಂಥ ನಷ್ಟವಿಲ್ಲ. "ಆಸ್ಟ್ರಿಯಾ ಜರ್ಮನ್ ಸಾಮ್ರಾಜ್ಯದೊಳಗಿತ್ತು" ಎನ್ನುವುದು ಉಳಿದರೆ ಪಾಠವೇ ಕೆಡುತ್ತದೆ. ಹಾಗಾಗಿ ಹಾಳೆ ವಾಪಸ್ ತಗೊಂಡ ಅದೇ ಪಿರಿಯಡ್‌ನಲ್ಲಿ ಉತ್ತರ ಹೇಳಿದೆವು. ಪ್ರತಿ ತಪ್ಪು ಹೇಳಿಕೆಯನ್ನು ತಿದ್ದಿ ನೋಟ್‌ಬುಕ್‌ನಲ್ಲಿ ಬರೆಸಿದೆವು. ತಿದ್ದುವಾಗ "ಇರಲಿಲ್ಲ" ಎಂದು ಸೇರಿಸಿದರೆ ಸಾಲದು, ನಿಜವಾಗಿ ಏನಾಯಿತು ಎಂಬುದೂ ಇರಬೇಕು: "ಆಸ್ಟ್ರಿಯಾ 1866ರಲ್ಲಿ ಸೋತು ಹೊರಗುಳಿಯಿತು." ರಾಜನ ವಿಚಾರಕ್ಕೆ ಮೇಡಂ ಕಪ್ಪು ಹಲಗೆಯ ಮೇಲೆ ಎರಡು ನಕ್ಷೆ ಬರೆದರು. ಒಂದು ನಮ್ಮ ಜಿಲ್ಲೆಗಳದು, ಇನ್ನೊಂದು ಇಟಲಿಯದು. ಎರಡರ ಕೆಳಗೂ "ಒಂದಾದ ಮೇಲೆ ಆಳಿದವರು ಯಾರು?" ಎಂದು ಬರೆದು ಮಕ್ಕಳಿಂದಲೇ ತುಂಬಿಸಿದರು. ಅದು ಅವತ್ತಿನ ಬಹಳ ಗಲಾಟೆಯ ಪಿರಿಯಡ್.

ಕೊನೆಗೂ ಪಟ್ಟಿಗೆ ಬಾರದ ಹೇಳಿಕೆ ಒಂದಿದೆ. "ಇಟಲಿಯನ್ನು ಒಂದು ಮಾಡಿದ್ದು ಜನರ ಹೋರಾಟ." ಮಕ್ಕಳ ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಸಿಕ್ಕ ವಾಕ್ಯ ಇದೇ, ಮೇಡಂಗೆ ಇದನ್ನು ಬಿಡಲು ಮನಸ್ಸೇ ಇರಲಿಲ್ಲ. ಆದರೆ 1860ರಲ್ಲಿ ಗ್ಯಾರಿಬಾಲ್ಡಿ ಸಾವಿರದಷ್ಟು ಸ್ವಯಂಸೇವಕರನ್ನು ಕಟ್ಟಿಕೊಂಡು ಸಿಸಿಲಿಗೆ ಇಳಿದದ್ದು ನಿಜ. ಗೆದ್ದ ದಕ್ಷಿಣವನ್ನು ರಾಜನ ಕೈಗೆ ಒಪ್ಪಿಸಿದ್ದೂ ನಿಜ. ಅದಕ್ಕೂ ಮುಂಚೆ ಕಾವೂರ್ ಫ್ರಾನ್ಸ್ ಜೊತೆ ಒಪ್ಪಂದ ಮಾಡಿಕೊಂಡು 1859ರಲ್ಲಿ ಆಸ್ಟ್ರಿಯಾದ ಮೇಲೆ ಯುದ್ಧಕ್ಕೆ ಹೋಗದಿದ್ದರೆ ಉತ್ತರ ಇಟಲಿ ಸಡಿಲವಾಗುತ್ತಿರಲಿಲ್ಲ. "ಎಷ್ಟರ ಮಟ್ಟಿಗೆ" ಎಂದು ಕೇಳಬೇಕಾದ ಮಾತಿಗೆ "ಸರಿ", "ತಪ್ಪು" ಎರಡೂ ಸಾಲವು. ಎಷ್ಟು ತಿದ್ದಿದರೂ ಒಂದೋ ವಿಚಾರ ಹೋಗುತ್ತಿತ್ತು, ಇಲ್ಲಾ ಉತ್ತರ ಅಲುಗಾಡುತ್ತಿತ್ತು. ಅದನ್ನು ಸರಿ-ತಪ್ಪು ಭಾಗದಿಂದ ತೆಗೆದು ಮೂರು ಅಂಕದ ಪ್ರಶ್ನೆ ಮಾಡಿದೆವು: "ಗ್ಯಾರಿಬಾಲ್ಡಿ ಇಲ್ಲದಿದ್ದರೆ ಕಾವೂರನ ಕೆಲಸದಲ್ಲಿ ಯಾವುದು ಉಳಿಯುತ್ತಿತ್ತು, ಯಾವುದು ಉಳಿಯುತ್ತಿರಲಿಲ್ಲ? ಒಂದೊಂದು ಉದಾಹರಣೆ ಕೊಡಿ."